ನೀರು ಕಾಣದ ಅಂಚು

ನನ್ನ ಗಂಡನ ಅಣ್ಣ, ಅಂದರೆ ನನ್ನ ಭಾವ ವಿಶ್ವನಾಥನ್, ಅಳತೆ ಟೇಪನ್ನು ಕೊರಳಿಂದ ತೆಗೆಯುವುದು ಸ್ನಾನಕ್ಕೆ ಮಾತ್ರ. ಊಟಕ್ಕೆ ಕೂತಾಗಲೂ ಅದು ಕೊರಳಲ್ಲೇ, ಮದುವೆ ಮನೆಗೆ ಹೋದಾಗಲೂ ಕೊರಳಲ್ಲೇ. ಒಮ್ಮೆ ನಮ್ಮ ಚೌಡೇಶ್ವರಿ ಗುಡಿಯಲ್ಲಿ ಪೂಜಾರಿ ಪಾಪಣ್ಣ ಹಾರ ಹಾಕಲು ಬಂದವರು ಟೇಪು ನೋಡಿ, "ಈಗಾಗ್ಲೇ ಒಂದ್ ಐತಲ್ಲಪ್ಪಾ" ಎಂದು ಹಾರವನ್ನು ನನ್ನ ಗಂಡನ ಕೊರಳಿಗೆ ಹಾಕಿದರು. ಭಾವನಿಗೆ ಅರವತ್ತು ದಾಟಿದೆ. ಹೆಂಡತಿಯಿಲ್ಲ, ಮಕ್ಕಳಿಲ್ಲ. ಇರುವುದು ಟೇಪು, ಕತ್ತರಿ, ಮತ್ತು ಮಾತು ಬಾಯಿಗೆ ಬಂದಾಗ ಅದನ್ನು ಹಿಂದಕ್ಕೆ ನುಂಗಿಬಿಡುವ ಒಂದು ಹಾಳು ಅಭ್ಯಾಸ.

ಆ ಅಭ್ಯಾಸ ನೋಡಿ ನೋಡಿ ನನ್ನ ತಲೆ ಕೆಟ್ಟಿದೆ. ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ತಮಿಳುನಾಡಿನ ಸೇಲಂನ ಗುಗೈ ಪೇಟೆಯಲ್ಲಿ ನಮ್ಮ ಮನೆ. ಮಾವನ ಕಾಲಕ್ಕೆ ಪಂಚೆ ನೇಯುವ ಮನೆಯಾಗಿತ್ತು, ಈಗ ಆಟದ ಬಟ್ಟೆ ಹೊಲಿಯುವ ಮನೆ. ನಾಲ್ಕು ಮಗ್ಗಗಳಲ್ಲಿ ಮೂರನ್ನು ಕಿತ್ತು ಆ ಜಾಗದಲ್ಲಿ ಹೊಲಿಗೆ ಯಂತ್ರಗಳನ್ನು ಹಾಕಿದೆವು. ಹಿಂದಿನ ಕೋಣೆಯ ಗುಂಡಿಮಗ್ಗ ಒಂದನ್ನು ಮಾತ್ರ ಭಾವ ಕೀಳಲು ಬಿಡಲಿಲ್ಲ. ಕೆಲಸ ಮೂವರಲ್ಲಿ ಹಂಚಿಕೆಯಾಗಿದೆ. ಬಟ್ಟೆ ಕತ್ತರಿಸುವುದು ಭಾವ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಪ್ರಿಂಟ್ ತೆಗೆಯುವುದು ನನ್ನ ಗಂಡ ಧನಶೇಖರ್. ಹೊಲಿಗೆ ನನ್ನದು, ಜೊತೆಗೆ ಪೂಂಗೊಡಿ ಎಂಬ ಹೆಂಗಸು ಇದ್ದಾಳೆ. ಅವಳು ಇಡೀ ದಿನ ತಮಿಳಿನಲ್ಲಿ ಮಾತಾಡುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ, ಇಬ್ಬರಿಗೂ ಅದು ಗೊತ್ತೇ ಆಗುವುದಿಲ್ಲ.

ಆಟದ ಬಟ್ಟೆ ಅಂದರೆ ಜನಕ್ಕೆ ಬಣ್ಣ ಮತ್ತು ನಂಬರು ಅಷ್ಟೇ. ಹೊಲಿಯುವವರಿಗೆ ಒಂದೊಂದು ಆಟಕ್ಕೆ ಒಂದೊಂದು ತಲೆನೋವು. ಕ್ರಿಕೆಟ್ಟಿನ ಬಿಳಿ ಬಟ್ಟೆಯನ್ನೇ ತೆಗೆದುಕೊಳ್ಳಿ. ಅದು ಸುಣ್ಣದ ಬಿಳಿಯಾಗಬಾರದು, ಸ್ವಲ್ಪ ಕೆನೆಗೆ ತಿರುಗಿರಬೇಕು. ಕಾಲರಿನ ಒಳಗೆ ಗಟ್ಟಿ ಅರಿವೆ ಕೊಟ್ಟು ನಿಲ್ಲಿಸಬೇಕು. ಪ್ಯಾಂಟಿನ ಸೊಂಟಪಟ್ಟಿಯ ಒಳಗಡೆ ರಬ್ಬರು ಗೆರೆಗಳಿರುವ ಎಲಾಸ್ಟಿಕ್ ಹಾಕದಿದ್ದರೆ ಬೌಲರು ಒಂದು ಓವರು ಮುಗಿಸುವಷ್ಟರಲ್ಲಿ ಅಂಗಿ ಹೊರಗೆ ಬಂದಿರುತ್ತದೆ. ಫುಟ್ಬಾಲಿನದು ಬೇರೆ. ಡಿಸೈನನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕಾಗದಕ್ಕೆ ಪ್ರಿಂಟ್ ತೆಗೆದು, ಆ ಕಾಗದವನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತೇವೆ. ಬಣ್ಣ ಆವಿಯಾಗಿ ನೂಲಿನ ಒಳಕ್ಕೇ ಹೋಗಿ ಕೂರುತ್ತದೆ, ಎಷ್ಟು ಒಗೆದರೂ ಬಿಡುವುದಿಲ್ಲ. ಹತ್ತಿಗೆ ಮಾತ್ರ ಈ ಆಟ ನಡೆಯುವುದಿಲ್ಲ. ಹತ್ತಿ ಆ ಬಣ್ಣ ಹಿಡಿಯುವುದಿಲ್ಲ, ಮೇಲಾಗಿ ಹೊಸ ಹತ್ತಿ ನೀರು ಕಂಡರೆ ಕುಗ್ಗುತ್ತದೆ. ಪಾಲಿಯೆಸ್ಟರ್ ಕುಗ್ಗುವುದಿಲ್ಲ. ಎರಡನ್ನೂ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಜಗಳ ಶುರುವಾಗುತ್ತದೆ. ನಮ್ಮ ಅಂಗಡಿಗೆ ಹೊಸದಾಗಿ ಸೇರಿದವರಿಗೆ ಭಾವ ಹೇಳಿಕೊಡುವ ಮೊದಲ ಪಾಠವೇ ಇದು. ಈ ಪಾಠ ನೆನಪಿರಲಿ.

ಮಂಜುಳಾ ಟೀಚರ್ ನಮ್ಮ ಅಂಗಡಿಗೆ ಮೊದಲ ಸಲ ಬಂದಾಗ ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತು. ಅವರು ಮೆಟ್ಟೂರಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಕೊಳತ್ತೂರು ಕಡೆಯ ಹಳ್ಳಿಯವರು, ಬೇಸಾಯದ ಮನೆ, ಮನೆಮಾತು ನಮ್ಮ ಹಾಗೆ ಕನ್ನಡ. ಹುಡುಗಿಯರ ಫುಟ್ಬಾಲ್ ಟೀಮನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದಿದ್ದರು. ಆ ಹುಡುಗಿಯರು ಹಾಕಿದ್ದು ಗಂಡುಹುಡುಗರ ಹಳೆ ಜೆರ್ಸಿ. ಹೆಗಲ ಹೊಲಿಗೆ ಮೊಣಕೈ ಹತ್ತಿರ ಜೋತುಬಿದ್ದಿತ್ತು.

"ಓಡುವಾಗ ಗ್ಯಾನ ಚೆಂಡ್ ಮ್ಯಾಲಿರಲ್ಲ, ಒಂದ್ ಕೈ ಬಟ್ಟೆ ಇಡ್ಕೊಳ್ಳೋಕೇ ಓಯ್ತದೆ," ಎಂದರು ಟೀಚರ್. "ಉಡುಗೀರ್ಗೆ ಅಂತಾನೇ ಒಂದ್ ಅಳತೆ ಇಲ್ವಾ ನಿಮ್ತಾವ?"

ಇರಲಿಲ್ಲ. ಭಾವ ಇಲ್ಲವೆಂದು ಹೇಳಲಿಲ್ಲ. ಹುಡುಗಿಯರನ್ನು ಬೀದಿಗೆ ಕರೆದುಕೊಂಡು ಹೋಗಿ ಓಡಿ ತೋರಿಸಿ ಎಂದರು. ಗುಗೈ ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡಿದರು. ಆಮೇಲೆ ಅವರೇ ಕೂತು ಹೊಸ ಪ್ಯಾಟರ್ನ್ ತೆಗೆದರು. ಹೆಗಲು ಕಿರಿದು ಮಾಡಿದರು, ಕಂಕುಳ ಸುತ್ತನ್ನು ಮೇಲಕ್ಕೆ ತಂದರು, ಪಕ್ಕಕ್ಕೆ ಸಣ್ಣ ಬಳುಕು ಕೊಟ್ಟರು, ಬೆನ್ನಿನ ಕಡೆ ಬಟ್ಟೆಯನ್ನು ನಾಲ್ಕು ಬೆರಳು ಇಳಿಬಿಟ್ಟರು. ನಿಕ್ಕರಿಗೆ ಒಳಗೊಂದು ಪದರ ಕೊಟ್ಟರು. ಗೋಲ್‌ಕೀಪರ್ ಹುಡುಗಿಯ ಜೆರ್ಸಿಗೆ ಉದ್ದ ತೋಳು ಇಟ್ಟು, ಮೊಣಕೈಗೆ ಹತ್ತಿ ತುಂಬಿದ ಪ್ಯಾಡ್ ಇಟ್ಟು ಹೊಲಿದರು. ಪ್ಯಾಡನ್ನು ಟೀಚರ್ ಕೇಳಿರಲಿಲ್ಲ.

"ನಾನೂ ಕೀಪರ್ರೇ ಆಗಿದ್ದೆ ಮಾಸ್ಟ್ರೇ," ಎಂದು ಟೀಚರ್ ತಮ್ಮ ಮೊಣಕೈ ಮಡಿಸಿ ಹಳೆ ಗಾಯದ ಗುರುತು ತೋರಿಸಿದರು. ಭಾವ ಗಾಯವನ್ನು ನೋಡಿ ಕತ್ತರಿಯನ್ನು ಎಲ್ಲಿಟ್ಟೆನೆಂದು ಮರೆತು ಮೇಜಿನ ಮೇಲೆಲ್ಲ ಹುಡುಕಿದರು. ಕತ್ತರಿ ಅವರ ಕೈಯಲ್ಲೇ ಇತ್ತು.

ಇನ್ನೊಂದು ವಿಷಯ ಗಮನಿಸಬೇಕು. ಅಂಗಡಿಗೆ ಬರುವ ಹೆಂಗಸರೆಲ್ಲ ಭಾವನನ್ನು ಅಣ್ಣಾ ಎನ್ನುತ್ತಾರೆ. ಹಾಗೆ ಕರೆದುಬಿಟ್ಟರೆ ನಮ್ಮ ಕಡೆ ಎಲ್ಲ ಸಲೀಸು, ಯಾರೂ ಏನೂ ಅನ್ನುವ ಹಾಗಿಲ್ಲ. ಟೀಚರ್ ಮಾತ್ರ ಒಂದು ದಿನವೂ ಅಣ್ಣಾ ಎಂದವರಲ್ಲ. ಮೊದಲ ದಿನವೂ ಮಾಸ್ಟ್ರು, ಕೊನೆಯ ದಿನವೂ ಮಾಸ್ಟ್ರು.

ಅಲ್ಲಿಂದ ಪ್ರತಿ ಜೂನಿನಲ್ಲೂ ಶಾಲೆ ತೆರೆದ ಕೂಡಲೇ ಅವರು ಬರುತ್ತಿದ್ದರು. ಆರ್ಡರ್ ಕೊಡಲು ಒಮ್ಮೆ, ತೆಗೆದುಕೊಂಡು ಹೋಗಲು ಒಮ್ಮೆ. ವರ್ಷಕ್ಕೆ ಎರಡು ಮಧ್ಯಾಹ್ನ, ಅಷ್ಟೇ. ಆ ಎರಡು ಮಧ್ಯಾಹ್ನ ಭಾವ ಮಡಿ ಅಂಗಿ ಹಾಕುತ್ತಿದ್ದರು. ಬಟ್ಟೆ ಮಾರಿಹೋದ ಹಾಗೆ ಕಾಲವೂ ಹೋಯಿತು. ಬನಿಯನ್ ಬಟ್ಟೆ ಹೋಗಿ ಸಣ್ಣ ತೂತುಗಳ ಡಾಟ್‌ನಿಟ್ ಬಂತು, ಅಂಟಿಸುವ ನಂಬರು ಹೋಗಿ ಪ್ರಿಂಟ್ ಬಂತು. ಟೀಚರ ತಲೆ ನರೆಯಿತು, ಭಾವನ ತಲೆ ಬೋಳಾಯಿತು.

ಒಂದು ವರ್ಷ ಟೀಚರ್ ದೂರು ತಂದರು. ಆರನೇ ಕ್ಲಾಸಿನ ಹುಡುಗಿಗೆ ಜೆರ್ಸಿಯ ಹಿಂಗತ್ತಿನ ಹೊಲಿಗೆ ಉಜ್ಜಿ ಕೆಂಪಗೆ ದದ್ದು ಎದ್ದಿತ್ತಂತೆ. ಓವರ್‌ಲಾಕ್ ಹೊಲಿಗೆಯ ಅಂಚು ಬೆವರಿಗೆ ಚುಚ್ಚುವುದು ಹೌದು. ಎಲ್ಲರೂ ಅದರ ಮೇಲೆ ಒಂದು ಬಟ್ಟೆಯ ಟೇಪು ಕೂರಿಸಿ ಮುಚ್ಚುತ್ತಾರೆ, ಆದರೆ ಮಾರ್ಕೆಟ್ಟಿನ ಆ ಟೇಪೂ ಒರಟೇ. ಭಾವ ಒಳಗೆ ಹೋಗಿ ಮಾವನ ಹಳೆ ಪಂಚೆಗಳ ಗಂಟು ತಂದರು. ಒಗೆದು ಒಗೆದು ಬೆಣ್ಣೆಯಾಗಿದ್ದ ಹತ್ತಿ. ಅದರ ಮೆರೂನ್ ಅಂಚನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಿಂಗತ್ತಿಗೆ ಹೊಲಿಸಿದರು. ಅಷ್ಟು ಒಗೆದ ಹತ್ತಿ ಇನ್ನು ಕುಗ್ಗುವುದಿಲ್ಲ, ಜಗಳವಿಲ್ಲ. ಅಂದಿನಿಂದ ಮೆಟ್ಟೂರಿನ ಹುಡುಗಿಯರ ಜೆರ್ಸಿಗೆ ಮಾತ್ರ ಪಂಚೆ ಅಂಚಿನ ಪಟ್ಟಿ. ಉಳಿದ ಊರಿನವರ ಕುತ್ತಿಗೆ ಏನು ಕಲ್ಲಿನದೇ ಎಂದು ನಾನು ಕೇಳಿದೆ. ಭಾವ ಕಿವಿ ಕೇಳದವರ ಹಾಗೆ ಚಾಕ್ ಗೀಚುತ್ತಾ ಕೂತರು.

ಯಾಕೆ ಮದುವೆಯಾಗಲಿಲ್ಲ ಎಂದು ನೀವು ಕೇಳಬಹುದು. ಟೀಚರಿಗೆ ತಂದೆ ಬೇಗ ಹೋದರು, ಇಬ್ಬರು ತಮ್ಮಂದಿರನ್ನು ದಡ ಸೇರಿಸುವಷ್ಟರಲ್ಲಿ ವಯಸ್ಸಾಯಿತು. ಭಾವನಿಗೆ ಮಗ್ಗ ನಿಂತಿತು, ತಮ್ಮನ ಮದುವೆಯ ಸಾಲ, ಅಂಗಡಿ, ಮುಂದಿನ ವರ್ಷ, ಅದರ ಮುಂದಿನ ವರ್ಷ. ಅವರು ಒಕ್ಕಲಿಗರು, ನಾವು ದೇವಾಂಗದವರು. ಆಗ ಬಾಯಿಬಿಟ್ಟಿದ್ದರೆ ಎರಡು ಮನೆಯಲ್ಲೂ ರಂಪವಾಗುತ್ತಿತ್ತು. ಈಗ ಅಡ್ಡ ಬರುವವರೆಲ್ಲ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಫೋಟೋದಲ್ಲಿ ಕೂತಿದ್ದಾರೆ. ಈಗೇನು ಅಡ್ಡಿ? ಅಭ್ಯಾಸವೊಂದೇ ಅಡ್ಡಿ. ಆಸೆಯನ್ನೇ ಊಟ ಮಾಡಿಕೊಂಡು ಬದುಕುವುದನ್ನು ಆ ಇಬ್ಬರೂ ಕಲಿತುಬಿಟ್ಟಿದ್ದರು.

ಈ ವರ್ಷ ಟೀಚರ್ ಜೂನಿಗೆ ಕಾಯಲಿಲ್ಲ. ಬಿಸಿಲು ಏರುವ ಪಂಗುನಿ ತಿಂಗಳಲ್ಲೇ, ಮಾರ್ಚಿನ ಕೊನೆಗೇ ಬಂದು ಬೆಂಚಿನ ಮೇಲೆ ಕೂತರು.

"ಏನ್ ಟೀಚರ್, ಇಷ್ಟ್ ಬೇಗ?" ಎಂದು ಮಜ್ಜಿಗೆ ಕೊಟ್ಟೆ.

"ಈ ಏಪ್ರಿಲ್‌ಗೆ ರಿಟೈರ್ಡು ಭುವನಾ. ನಾನ್ ಓಗೋಕ್ ಮುಂಚೆ ಉಡುಗೀರ್ಗೆ ಬಟ್ಟೆ ಆಗ್ಬುಡ್ಲಿ ಅಂತ ಬಂದೆ. ಒಸ ಮೇಡಂ ಬತ್ತಾರೆ. ಅವ್ರು ಆನ್‌ಲೈನ್ನಾಗೇ ತರುಸ್ತಾರಂತೆ." ಲೋಟ ಕೆಳಗಿಟ್ಟರು. "ಇದೇ ಕಡೇ ಆರ್ಡರ್ರು."

ಭಾವನ ಕೈಯ ಚಾಕ್ ಬಟ್ಟೆಯ ಮೇಲೆ ನಿಂತುಹೋಯಿತು. ಮೇಲೆ ನೋಡಲಿಲ್ಲ.

"ಕೀಪರ್‌ಗೆ ಮೊಣಕೈ ಪ್ಯಾಡ್?" ಎಂದು ಕೇಳಿದರು.

"ಊಂ. ಮಾಮೂಲಿನ ಅಂಗೇ."

ಮೂವತ್ತು ವರ್ಷಕ್ಕೂ ಮೀರಿದ ಲೆಕ್ಕ ಈ ಎರಡು ಮಾತಿನಲ್ಲಿ ಮುಗಿಯಿತು. ನನಗೆ ಮಜ್ಜಿಗೆ ಪಾತ್ರೆಯನ್ನು ಎತ್ತಿ ಭಾವನ ತಲೆಗೆ ಸುರಿಯಬೇಕು ಅನ್ನಿಸಿತು.

ಆ ವಾರ ಹುಡುಗಿಯರ ಜೆರ್ಸಿ ತಯಾರಾಯಿತು. ಮೆರೂನ್ ಮೈ, ಕತ್ತಿನಿಂದ ಕಂಕುಳಿಗೆ ಓರೆಯಾಗಿ ಇಳಿಯುವ ಕೆನೆ ಬಣ್ಣದ ತೋಳು, ಎದೆಯ ಮೇಲೆ ಕಾವೇರಿಯ ನೆನಪಿಗೆ ಅಲೆಅಲೆಯಾಗಿ ಹೋಗುವ ತೆಳು ಗೆರೆ. ವಿ ಆಕಾರದ ಕತ್ತಿಗೆ ಎಳೆದರೆ ಹಿಗ್ಗುವ ರಿಬ್ ಪಟ್ಟಿ. ಕೀಪರಿಗೆ ಗಿಳಿಹಸಿರು. ಇಷ್ಟು ವರ್ಷದಲ್ಲಿ ಇದೇ ಚೆಂದದ ಸೆಟ್ಟು ಎಂದು ಧನಶೇಖರ್ ಕೂಡ ಒಪ್ಪಿದರು. ಅದು ಮುಗಿದ ಮೇಲೆ ಒಂದು ಬೆಳಿಗ್ಗೆ ಹಿಂದಿನ ಕೋಣೆಯಿಂದ ಮಗ್ಗದ ಲಾಳಿಯ ಸದ್ದು ಕೇಳಿತು. ಹೋಗಿ ನೋಡಿದರೆ ಭಾವ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದಾರೆ. ಬಿಳಿ ಹತ್ತಿಯ ಅಗಲ ಕಡಿಮೆಯ ತುಂಡು, ಎರಡೂ ಬದಿಗೆ ಎರಡು ಬೆರಳಗಲ ಮೆರೂನ್ ಅಂಚು, ಅಂಚಿನೊಳಗೆ ಸಣ್ಣ ಸಣ್ಣ ಗೋಪುರ.

"ಯಾರ್ಗೆ ಭಾವ ಪಂಚೆ?"

"ಪಂಚೆ ಅಲ್ಲ. ಟೀಚರ್ಗೆ ಒಂದ್ ಟ್ರ್ಯಾಕ್‌ಸೂಟ್ ಒಲೀಬೇಕು. ಪ್ಯಾಂಟಿನ ಪಕ್ಕದ ಗೆರೆಗೆ."

ಟ್ರ್ಯಾಕ್‌ಸೂಟಿಗೆ ಅವರು ತೆಗೆದಿಟ್ಟದ್ದು ಅಂಗಡಿಯಲ್ಲಿದ್ದ ಒಳ್ಳೆಯ ಬಟ್ಟೆ. ಕಡುನೀಲಿ ಸೂಪರ್‌ಪಾಲಿ, ಹೊರಗೆ ನುಣುಪು, ಒಳಗೆ ಮೆತ್ತಗೆ. ಮೇಲಂಗಿಗೆ ಎತ್ತರದ ಕಾಲರು, ಗಲ್ಲಕ್ಕೆ ತಾಗದ ಹಾಗೆ ಜಿಪ್ಪಿನ ತುದಿಗೊಂದು ಮರೆ, ತೋಳಿಗೆ ಕೆನೆ ಬಣ್ಣದ ಪೈಪಿಂಗ್, ಎರಡು ಜೇಬು, ಒಂದು ಜೇಬಿನೊಳಗೆ ಸೀಟಿ ಇಡಲು ಮತ್ತೊಂದು ಪುಟ್ಟ ಜೇಬು. ಪ್ಯಾಂಟು ಸೊಂಟದಿಂದ ಪಾದದವರೆಗೆ ನೇರ ಇಳಿಯುತ್ತಿತ್ತು.

"ಟೀಚರ ಅಳತೆ ತಗಂಡಿರಾ?" ಎಂದೆ.

"ಗೊತ್ತು," ಎಂದರು. ಒಂದು ದಿನವೂ ಅವರಿಗೆ ಟೇಪು ಹಿಡಿದವರಲ್ಲ. ಹೇಗೆ ಗೊತ್ತು ಎಂದು ನಾನೂ ಕೇಳಲಿಲ್ಲ.

ಅಂಚನ್ನು ಕತ್ತರಿಸಿ ನನ್ನ ಯಂತ್ರದ ಬಳಿ ತಂದಿಟ್ಟಾಗ ಮುಟ್ಟಿ ನೋಡಿದೆ. ಗಂಜಿ ಇನ್ನೂ ಗರಿಗರಿ ಇತ್ತು. ನೀರು ಕಂಡಿರಲಿಲ್ಲ.

"ಭಾವ, ನೆನಸಿಲ್ಲ ನೀವು. ಇಂಗೇ ಒಲುದ್ರೆ ಒಂದ್ ಒಗೆತಕ್ಕೆ ಮೂರ್ ಬೆರಳು ಮ್ಯಾಲಕ್ ಓಯ್ತದೆ. ಪ್ಯಾಂಟೆಲ್ಲಾ ಸುರುಟ್ಕೊಂತದೆ."

"ಗೊತ್ತು."

ಧನಶೇಖರ್ ಕಂಪ್ಯೂಟರ್ ಬಿಟ್ಟು ಎದ್ದು ಬಂದರು. "ಅಣ್ಣಾ, ಅಂಚನ್ನ ಫೋಟೋ ತಗಂಡು ಬಿಳೀ ಪಾಲಿಯೆಸ್ಟರ್ ಪಟ್ಟಿ ಮ್ಯಾಲೆ ಪ್ರಿಂಟ್ ಒಡುದ್ಬುಡ್ತೀನಿ. ಅಚ್ಚು ಇದೇ ತರ ಬತ್ತದೆ. ಸುರುಟೋ ತೊಂದ್ರೇನೇ ಇಲ್ಲ."

"ಬ್ಯಾಡ."

"ಅಂಗಾದ್ರೆ ನೆನಸಿ," ಎಂದೆ ನಾನು, ಸ್ವಲ್ಪ ಜೋರಾಗಿಯೇ.

ಭಾವ ಆ ಪಟ್ಟಿಯನ್ನು ಅಂಗೈ ಮೇಲೆ ಹಾಸಿಕೊಂಡರು. "ನೇಯೋರ ಮನೆಯೋರು ನಾವು. ಒಬ್ರಿಗೆ ಅಂತ ನೇಯ್ದು ಕೊಡೋ ಬಟ್ಟೇನ ನೀರಾಗ್ ಅದ್ದಿ ಕೊಡ್ತಾರೇನಮ್ಮಾ? ನಮ್ಮಪ್ಪ ಕೊಡ್ತಿದ್ನಾ?"

ಅದು ನಿಜ. ನಮ್ಮಲ್ಲಿ ಮದುವೆಗೋ ಹಬ್ಬಕ್ಕೋ ಕೊಡುವ ಹೊಸ ಬಟ್ಟೆ ಗಂಜಿ ಸಮೇತ, ನೀರು ಕಾಣದೆ ಹೋಗಬೇಕು. ಮೂಲೆಗೆ ಒಂದು ಚೂರು ಅರಿಶಿನ ತಾಗಿಸಬೇಕು. ನೀರು ಕಂಡ ಬಟ್ಟೆ ಅಂದರೆ ಇನ್ನೊಬ್ಬರು ಉಟ್ಟು ಬಿಟ್ಟ ಬಟ್ಟೆಯಂತೆ. ಪಂಚೆಗೆ ಸೀರೆಗೆ ಆ ಪದ್ಧತಿ ಸರಿ, ಇಡೀ ಬಟ್ಟೆ ಒಟ್ಟಿಗೆ ಕುಗ್ಗುತ್ತದೆ. ಪಾಲಿಯೆಸ್ಟರ್ ಪ್ಯಾಂಟಿಗೆ ಆ ಪದ್ಧತಿ ತಂದು ಅಂಟಿಸುವ ಬುದ್ಧಿ ನಮ್ಮ ಭಾವನಂಥ ನೇಕಾರ ದರ್ಜಿಗೆ ಮಾತ್ರ ಬರಲು ಸಾಧ್ಯ. ಹಲ್ಲು ಕಚ್ಚಿ ಹೊಲಿದೆ. ಹೊಲಿದು ಮುಗಿಸಿ ಪ್ಯಾಂಟನ್ನು ಒಳಮಗ್ಗುಲು ತಿರುಗಿಸಿ ನೋಡುತ್ತಿದ್ದಾಗ ಭಾವ ಬಂದು, ನನ್ನನ್ನು ನೋಡದೆ, ಸೊಂಟಪಟ್ಟಿಯ ಒಳಗಡೆ ಬೆರಳಿನಿಂದ ಅರಿಶಿನ ಒತ್ತಿದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. 

ಟೀಚರ್ ತೆಗೆದುಕೊಂಡು ಹೋಗಲು ಬಂದ ದಿನ ಭಾವ ಮಡಿ ಅಂಗಿ ಹಾಕಿದ್ದರು. ಟೀಚರ್ ಎಂದಿನಂತೆ ಒಂದೊಂದೇ ಜೆರ್ಸಿ ತೆಗೆದು ಹೆಗಲ ಹೊಲಿಗೆ ಎಳೆದು ನೋಡಿದರು, ಕತ್ತನ್ನು ತಿರುಗಿಸಿ ಅಂಚಿನ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದರು. ಕೊನೆಗೆ ಭಾವ ಬೇರೊಂದು ಪೊಟ್ಟಣ ಮೇಜಿನ ಮೇಲಿಟ್ಟರು.

"ಇದ್ ನಿಮ್ಗೆ."

ಟೀಚರ್ ಬಿಚ್ಚಿದರು. ಮೇಲಂಗಿ ನೋಡಿದರು, ಸೀಟಿಯ ಪುಟ್ಟ ಜೇಬಿಗೆ ಬೆರಳು ಹಾಕಿ ನಕ್ಕರು. ಪ್ಯಾಂಟು ತೆಗೆದಾಗ ನಗು ನಿಂತಿತು. ಅಂಚನ್ನು ಮುಟ್ಟಿದರು, ಗಂಜಿಯ ಗರಿಗರಿ ಅವರಿಗೂ ಗೊತ್ತಾಗಿರಬೇಕು. ಹೊಲಿಗೆ ನೋಡುವ ಅಭ್ಯಾಸದಿಂದ ಸೊಂಟಪಟ್ಟಿ ತಿರುಗಿಸಿದರು. ಅರಿಶಿನ ಕಂಡಿತು. ನಾನು ಯಂತ್ರ ನಿಲ್ಲಿಸಿದ್ದೆ, ಪೂಂಗೊಡಿಯೂ ನಿಲ್ಲಿಸಿದ್ದಳು. ಟೀಚರ್ ಆ ಹಳದಿ ಗುರುತಿನ ಮೇಲೆ ಅಂಗೈ ಇಟ್ಟರು.

"ಒಗೆಯೋಕೆ ಏನಾದ್ರೂ ಪಥ್ಯ ಐತಾ ಮಾಸ್ಟ್ರೇ?" ಎಂದರು, ತಲೆ ಎತ್ತದೆ.

ಈಗ ಹೇಳು, ಈಗಲಾದರೂ ಹೇಳು ಎಂದು ನಾನು ಮನಸ್ಸಿನಲ್ಲೇ ಒದರಿದೆ.

"ಒಗುದ್ಮೇಲೆ ಅಂಚು ಸುರುಟ್ತದೆ," ಎಂದರು ಭಾವ. "ತಗಂಡ್ ಬನ್ನಿ. ಸರಿ ಮಾಡ್ಕೊಡ್ತೀನಿ."

"ಆಯ್ತು," ಎಂದು ಟೀಚರ್ ಪ್ಯಾಂಟನ್ನು ಮಡಿಸಿದ್ದ ಗೆರೆಯ ಮೇಲೇ ಮತ್ತೆ ಮಡಿಸಿ ಚೀಲಕ್ಕಿಟ್ಟರು. ಜೆರ್ಸಿಯ ಗಂಟನ್ನು ಧನಶೇಖರ್ ಬಸ್ಸಿಗೆ ಏರಿಸಿ ಬಂದರು. ಭಾವ ಬಾಗಿಲಿಗೂ ಹೋಗಲಿಲ್ಲ.

ಎರಡು ದಿನ ನಾನು ಭಾವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಎಲಾಸ್ಟಿಕ್ ಹುಡುಕುತ್ತಾ ಕತ್ತರಿಸುವ ಮೇಜಿನ ಡ್ರಾಯರ್ ತೆಗೆದೆ. ಅದರೊಳಗೆ ಅದೇ ಅಂಚು, ಇನ್ನೊಂದು ಜೊತೆ, ಕಾಗದದಲ್ಲಿ ಸುತ್ತಿಟ್ಟಿತ್ತು. ಮುಟ್ಟಿದರೆ ಮೆತ್ತಗಿತ್ತು. ನೆನಸಿ, ಒಣಗಿಸಿ, ಇಸ್ತ್ರಿ ಮಾಡಿ ಇಟ್ಟಿದ್ದರು. ಅಂದರೆ ನೇಯುವಾಗಲೇ ಎರಡರಷ್ಟು ನೇಯ್ದಿದ್ದಾರೆ. ಕೊಡುವುದಕ್ಕೆ ಒಂದು, ಆಕೆ ವಾಪಸ್ ಬಂದಾಗ ಬದಲಿಸುವುದಕ್ಕೆ ಒಂದು. ಬಾಯಲ್ಲಿ ಬಾ ಎನ್ನಲಾಗದವರು ಇಷ್ಟೆಲ್ಲ ಸುತ್ತು ಹಾಕಿದ್ದರು. ಡ್ರಾಯರ್ ಮುಚ್ಚಿ, ಆ ದಿನ ಅವರಿಗೆ ಇಷ್ಟವಾದ ಹುರುಳಿ ಸಾರು ಮಾಡಿ ಬಡಿಸಿದೆ.

ಆಮೇಲೆ ಕಾಯುವುದು ಶುರುವಾಯಿತು. ಶಾಲೆಗಳಿಗೆ ರಜೆ ಬಂತು, ರಜೆ ಮುಗಿಯಿತು. ಜೂನ್ ಬಂತು. ಬೀದಿಯಲ್ಲಿ ಆಟೋ ನಿಂತ ಸದ್ದಾದರೆ ಭಾವನ ಕತ್ತರಿ ನಿಲ್ಲುತ್ತಿತ್ತು. ಬಂದವರು ಹರೂರಿನ ಕಬಡ್ಡಿ ಟೀಮಿನವರಾಗಿರುತ್ತಿದ್ದರು, ಇಲ್ಲ ಬಿಳಿ ಪ್ಯಾಂಟಿನ ಮಂಡಿಗೆ ಹುಲ್ಲಿನ ಕಲೆ ಹೋಗುತ್ತಿಲ್ಲ ಎಂದು ಜಗಳಕ್ಕೆ ಬಂದ ಕ್ರಿಕೆಟ್ಟಿನವರು. ಕತ್ತರಿ ಮತ್ತೆ ನಡೆಯುತ್ತಿತ್ತು. ಆಗಸ್ಟ್ ಮೊದಲಲ್ಲಿ, ಆಡಿ ತಿಂಗಳ ಹದಿನೆಂಟಕ್ಕೆ, ಸೇಲಂನ ಅರ್ಧ ಜನ ಕಾವೇರಿ ಸ್ನಾನಕ್ಕೆ ಮೆಟ್ಟೂರಿಗೆ ಹೊರಟರು. ನಾವೂ ಹೊರಟೆವು.

"ಬನ್ನಿ ಭಾವ, ಸುಮ್ಮಾ ಒಂದ್ ಮುಳುಗು ಆಕ್ಕೊಂಡ್ ಬರಾನ," ಎಂದು ಕರೆದೆ.

"ಕಟಿಂಗ್ ಐತೆ," ಎಂದರು. ಕಟಿಂಗ್ ಇರಲಿಲ್ಲ.

ಒಂದು ಸಲ ಒಗೆದಿದ್ದರೂ ಆ ಪ್ಯಾಂಟು ಸುರುಟಿರಲೇಬೇಕು. ಬಂದಿಲ್ಲ ಎಂದರೆ ಮೂಲೆಗೆ ಹಾಕಿರಬೇಕು ಎಂದುಕೊಂಡೆ. ಭಾವನ ಮುಖ ನೋಡಿದರೆ ಅವರೂ ಹಾಗೇ ಅಂದುಕೊಂಡಿದ್ದಾರೆ ಎಂದು ಗೊತ್ತಾಗುತ್ತಿತ್ತು. ಊಟ ಕಡಿಮೆಯಾಯಿತು. ಒಂದು ದಿನ ಕ್ರಿಕೆಟ್ ಅಂಗಿಯ ಎರಡು ಎಡ ತೋಳು ಕತ್ತರಿಸಿಟ್ಟರು. ಅವರ ಕೈಯಲ್ಲಿ ಅಂಥ ತಪ್ಪು ನಾನು ನೋಡಿರಲಿಲ್ಲ.

ದೀಪಾವಳಿಗೆ ಮುಂಚೆ ಮೆಟ್ಟೂರಿನ ನೌಕರರ ವಾಲಿಬಾಲ್ ಟೀಮಿಗೆ ತೋಳಿಲ್ಲದ ಜೆರ್ಸಿಗಳನ್ನು ಕೊಡಬೇಕಿತ್ತು. ಧನಶೇಖರ್ ಪ್ರೆಸ್ಸಿನ ಮುಂದೆ ನಿಂತಿದ್ದರು. ನಾನೇ ಹೋಗುತ್ತೇನೆಂದು ಗಂಟು ಕಟ್ಟಿಕೊಂಡು ಓಮಲೂರು, ಮೇಚೇರಿ ದಾರಿಯ ಬಸ್ಸು ಹತ್ತಿದೆ.  ಭಾವ ನಾನು ಹೊರಡುವವರೆಗೂ ಡ್ರಾಯರಿನ ಹಿಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದರು.

ಜೆರ್ಸಿ ಕೊಟ್ಟು ಮುಗಿಸಿ ಶಾಲೆಯ ಮೈದಾನಕ್ಕೆ ನಡೆದೆ. ಸಂಜೆಯ ಹೊತ್ತು. ನಾವು ಹೊಲಿದ ಮೆರೂನ್ ಜೆರ್ಸಿಗಳು ಮೈದಾನದ ತುಂಬ ಓಡುತ್ತಿದ್ದವು. ಗೋಲಿನ ಹಿಂದೆ ಬೇವಿನ ಮರದ ಕೆಳಗೆ ಟೀಚರ್ ನಿಂತಿದ್ದರು. ರಿಟೈರ್ ಆದ ಮೇಲೂ ಸಂಜೆ ಬಂದು ಕೀಪರ್ ಹುಡುಗಿಗೆ ಹೇಳಿಕೊಡುತ್ತಾರಂತೆ. ಅವರ ಮೈಮೇಲೆ ಆ ಕಡುನೀಲಿ ಟ್ರ್ಯಾಕ್‌ಸೂಟ್.

ಮೂಲೆಗೆ ಹಾಕಿರಲಿಲ್ಲ. ಎಷ್ಟೋ ಸಲ ಒಗೆದು ಹಾಕಿಕೊಂಡದ್ದು. ಅಂಚು ಕುಗ್ಗಿ ಪ್ಯಾಂಟಿನ ಹೊರಮಗ್ಗುಲೆಲ್ಲ ನೆರಿಗೆಗಟ್ಟಿತ್ತು. ಪಾದದ ಹತ್ತಿರ ಹೊರಬದಿ ಮೂರು ಬೆರಳು ಮೇಲೆದ್ದು ಕಾಲಿನ ಗಿಣ್ಣು ಕಾಣುತ್ತಿತ್ತು. ನನ್ನ ಹೊಲಿಗೆ ಹಾಗೆ ಎಲ್ಲರೆದುರು ನಿಂತಿರುವುದು ನೋಡಿ ನನಗೆ ಮೊದಲು ಬಂದದ್ದು ನಾಚಿಕೆ.

"ಏನ್ ಟೀಚರ್ ಇದು," ಎಂದೆ, ಕುಶಲ ಕೇಳುವುದನ್ನೂ ಮರೆತು. "ಇಂಗ್ ಸುರುಟೈತಲ್ಲ. ಸರಿ ಮಾಡ್ಕೊಡ್ತೀವಿ ಅಂದಿರ್ಲಿಲ್ವಾ? ಯಾಕ್ ತರ್ಲಿಲ್ಲ?"

ಟೀಚರ್ ಬಗ್ಗಿ ಮೇಲೆದ್ದ ಅಂಚನ್ನು ಕೆಳಕ್ಕೆ ಎಳೆದರು. ಬಿಟ್ಟ ಕೂಡಲೇ ಅದು ಮತ್ತೆ ಮೇಲಕ್ಕೆ ಹೋಯಿತು.

"ಎರಡ್ ಸಲ ಚೀಲಕ್ ಆಕ್ಕೊಂಡು ಬಸ್ ಸ್ಟ್ಯಾಂಡ್ ತಂಕ ಬಂದಿದ್ದೆ ಭುವನಾ."

"ಮತ್ತೆ?"

"ಮತ್ತೆ ಏನು? ತಂದ್ರೆ ಮಾಸ್ಟ್ರು ಸರಿ ಮಾಡ್ಬುಡ್ತಾರೆ. ಅವ್ರ ಕೈ ಗೊತ್ತಲ್ಲ, ಮತ್ತೆ ಸುರುಟೋ ಅಂಗ್ ಮಾಡಲ್ಲ." ಮೈದಾನದ ಕಡೆ ನೋಡಿದರು. "ಉಡುಗೀರ್ ಬಟ್ಟೆ ಇನ್ ನಂದಲ್ಲ. ಇದ್ ಒಂದೇ ಬಾಕಿ. ಇದೂ ಸರಿ ಓದ್ರೆ, ಆಮ್ಯಾಕ್ ಸೇಲಮ್ಗೆ ಯಾವ್ ಕೆಲ್ಸಕ್ ಅಂತ ಬರ್ಲಿ? ಇಂಗೇ ಇದ್ರೆ, ಓಗ್ಬೇಕಾದ್ದು ಇನ್ನಾ ಒಂದ್ ಐತೆ ಅಂತ ಇರ್ತದೆ."

ನಾನು ಬಾಯಿ ಜೋರಿನವಳು ಎಂದು ಗುಗೈಯಲ್ಲಿ ಹೆಸರಾದವಳು. ಆವತ್ತು ಬಗ್ಗಿ ಆ ಅಂಚನ್ನು ನಾನೂ ಒಮ್ಮೆ ಕೆಳಕ್ಕೆ ಎಳೆದು ನೋಡಿದೆ, ಅಷ್ಟೇ. ಚೆಂಡು ಗೋಲಿನತ್ತ ಬಂತು, ಗಿಳಿಹಸಿರು ಜೆರ್ಸಿಯ ಹುಡುಗಿ ಹಾರಿ ಮೊಣಕೈ ಊರಿ ಬಿದ್ದು ಎದ್ದಳು. "ಪ್ಯಾಡ್ ಐತೆ, ಏನಾಗಲ್ಲ," ಎಂದು ಟೀಚರ್ ಅವಳಿಗೋ ನನಗೋ ಹೇಳಿದರು. ಹೊರಡುವಾಗ ಬಸ್ಸಿನಲ್ಲಿ ತಿನ್ನಲು ಕಡಲೆಕಾಯಿ ಕಟ್ಟಿಕೊಟ್ಟರು. ಮಾಸ್ಟ್ರಿಗೆ ಏನು ಹೇಳಲಿ ಎಂದು ಕೇಳಿದೆ.

"ಬಟ್ಟೆ ಚೆನ್ನಾಗೈತೆ ಅಂತ ಏಳು."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಭಾವ ಕತ್ತರಿಸುವ ಮೇಜಿನ ಮುಂದೆ ಸುಮ್ಮನೆ ಕೂತಿದ್ದರು. ಕಡಲೆಕಾಯಿ ಪೊಟ್ಟಣ ಮೇಜಿನ ಮೇಲಿಟ್ಟೆ.

"ನೋಡ್ದ್ಯಾ?" ಎಂದರು.

"ನೋಡ್ದೆ."

"ಅಂಚು?"

"ಸುರುಟೈತೆ. ಮೂರ್ ಬೆರಳು ಮ್ಯಾಲಕ್ ಓಗೈತೆ. ಅದನ್ನೇ ಆಕ್ಕೊಂಡ್ ಓಡಾಡ್ತಾರೆ."

ಭಾವನ ಮುಖ ಅರಳಿತು. ನೋಡಿ, ಎಂಥ ಮನುಷ್ಯ. ಡ್ರಾಯರ್ ಎಳೆದು ಆ ಮೆತ್ತನೆಯ ಜೊತೆಯನ್ನು ತೆಗೆದು ಮೇಜಿನ ಮೇಲೆ ಸವರಿದರು. "ಅಂಗಾದ್ರೆ ಬತ್ತಾರೆ," ಎಂದರು.

"ಬರಲ್ಲ," ಎಂದೆ.

ಆಮೇಲೆ ಟೀಚರ್ ಬೇವಿನ ಮರದ ಕೆಳಗೆ ಆಡಿದ ಮಾತನ್ನೆಲ್ಲ ಹೇಳಿದೆ. ಬಸ್ ಸ್ಟ್ಯಾಂಡಿನವರೆಗೆ ಬಂದು ವಾಪಸ್ ಹೋದದ್ದನ್ನೂ, ಯಾವ ಕೆಲಸಕ್ಕೆ ಅಂತ ಬರಲಿ ಎಂದದ್ದನ್ನೂ ಒಂದಕ್ಷರ ಬಿಡದೆ ಹೇಳಿದೆ. ಹೇಳುತ್ತಾ ನನಗೇ ಅಳು ಬಂತು, ಅದಕ್ಕೂ ಭಾವನ ಮೇಲೆಯೇ ಸಿಟ್ಟು ಬಂತು. "ನೀವ್ ಇಲ್ಲಿ ಅಂಚು ಇಟ್ಕೊಂಡ್ ಕೂತಿದೀರಾ, ಅವ್ರು ಅಲ್ಲಿ ಸುರುಟಿದ್ ಪ್ಯಾಂಟ್ ಇಟ್ಕೊಂಡ್ ಕೂತವ್ರೆ. ಇಂಗೇ ಕೂತಿರಿ ಇಬ್ರೂ," ಎಂದು ಒಲೆಯ ಕಡೆ ಹೋದೆ. ಭಾವ ಕಡಲೆಕಾಯಿಯನ್ನು ಒಂದೊಂದೇ ಸುಲಿದು ತಿನ್ನುತ್ತಾ ಬಹಳ ಹೊತ್ತು ಅಲ್ಲೇ ಇದ್ದರು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯಲು ಹೋದೆ. ಬಾಗಿಲು ಆಗಲೇ ತೆಗೆದಿತ್ತು. ಭಾವ ಇರಲಿಲ್ಲ. ಮಡಿ ಅಂಗಿಯ ಹ್ಯಾಂಗರ್ ಖಾಲಿ.

"ಮೆಟ್ಟೂರ್ಗೆ ಮೊದಲ್ನೇ ಬಸ್ ಯಾವಾಗ ಅಂತ ಕೇಳ್ದ," ಎಂದರು ಧನಶೇಖರ್, ಹಲ್ಲುಜ್ಜುತ್ತಾ. "ಅಂಚು ಬದ್ಲಾಯ್ಸೋಕ್ ಓಗಿರ್ಬೇಕು."

ನಾನೂ ಹಾಗೇ ಅಂದುಕೊಂಡೆ. ಅರವತ್ತು ದಾಟಿದ ಮೇಲೂ ಈ ಮನುಷ್ಯನಿಗೆ ಅಲ್ಲಿಗೆ ಹೋಗಲು ಒಂದು ಹೊಲಿಗೆಯ ನೆಪ ಬೇಕಾಯಿತಲ್ಲ ಎಂದು ಬೈದುಕೊಂಡೇ ಕತ್ತರಿಸುವ ಮೇಜಿನ ಬಳಿ ಬಂದೆ. ಗೋಡೆಯ ಮೊಳೆಗೆ ಅಳತೆ ಟೇಪು ನೇತುಹಾಕಿತ್ತು. ಆ ಮೊಳೆಯಲ್ಲಿ ಟೇಪು ನಾನು ನೋಡಿದ್ದು ಅದೇ ಮೊದಲು. ಕತ್ತರಿ ಅದರ ಜಾಗದಲ್ಲೇ ಇತ್ತು. ಡ್ರಾಯರ್ ಎಳೆದೆ. ನೆನಸಿ ಇಸ್ತ್ರಿ ಮಾಡಿದ ಅಂಚು ಅದೇ ಕಾಗದದೊಳಗೆ, ಅವರು ರಾತ್ರಿ ಸುತ್ತಿಟ್ಟ ಹಾಗೇ ಇತ್ತು.